ಕಂಬಳದ ಓಟ, ನಾಲ್ಕು ಸಾಲಿನ ಲೆಕ್ಕ

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಮರುದಿನಗಳಲ್ಲಿ ದೇಶದ ಪತ್ರಿಕೆ, ಟಿ.ವಿ.ಗಳೆಲ್ಲ ಹಿಡಿದುಕೊಂಡದ್ದು ಮಾತ್ರ ಈ ಎರಡು ಸಂಖ್ಯೆಗಳನ್ನಲ್ಲ, ಮೂರನೆಯ ಒಂದನ್ನು: 100 ಮೀಟರಿಗೆ 9.55 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58 ಸೆಕೆಂಡ್. ಅಲ್ಲಿಗೆ ನಮ್ಮ ಕರಾವಳಿಯ ಗದ್ದೆಯಲ್ಲಿ ಬೋಲ್ಟ್‌ನನ್ನು ಮೀರಿಸಿದ ಓಟಗಾರ ಸಿಕ್ಕ ಎಂದು ಎಲ್ಲೆಡೆ ಮಾತಾಯಿತು. ಕೇಂದ್ರದ ಕ್ರೀಡಾ ಸಚಿವರು ಅವರನ್ನು ಆಯ್ಕೆ ಪರೀಕ್ಷೆಗೆ ಕರೆಸುವುದಾಗಿ ಹೇಳಿದ್ದೂ ಆಯಿತು.

ಆದರೆ ಕಂಬಳದ ಕರೆಯಲ್ಲಿ ಯಾರೂ 100 ಮೀಟರಿನ ಗೆರೆ ಎಳೆದು ಗಡಿಯಾರ ಹಿಡಿದು ನಿಂತಿರಲಿಲ್ಲ. 9.55 ಎನ್ನುವುದು ಅಳೆದ ಸಂಖ್ಯೆಯಲ್ಲ, ಲೆಕ್ಕ ಮಾಡಿ ತೆಗೆದ ಸಂಖ್ಯೆ. ಅದೂ ದೊಡ್ಡ ಲೆಕ್ಕವೇನಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದ ಚಲನೆಯ ಪಾಠದಲ್ಲಿ ಮಕ್ಕಳು ಮಾಡುವ ಲೆಕ್ಕವೇ. ದತ್ತ ಬರೆ, ಸೂತ್ರ ಬರೆ, ಬೆಲೆ ಆದೇಶಿಸು, ಉತ್ತರವನ್ನು ಏಕಮಾನದ ಜೊತೆ ಬರೆ ಎಂದು ಮೇಷ್ಟ್ರು ಪಟ್ಟು ಹಿಡಿದು ಬರೆಸುವ ಆ ನಾಲ್ಕು ಸಾಲು. ಉತ್ತರ ಬಾಯಲ್ಲೇ ಬರುವಾಗ ಇಷ್ಟೆಲ್ಲ ಏಕೆ ಬರೆಯಬೇಕು ಎಂದು ಮಕ್ಕಳು ಗೊಣಗುವುದುಂಟು. ಕಂಬಳದ ಲೆಕ್ಕವನ್ನು ಆ ನಾಲ್ಕು ಸಾಲಿಗೆ ಇಳಿಸಿ ನೋಡಿದರೆ ಸಂಶಯ ಯಾವ ಸಾಲಿನಲ್ಲಿ ಕೂತಿದೆ ಎಂಬುದು ತಾನಾಗಿ ಕಾಣುತ್ತದೆ. ಆ ಸಾಲುಗಳಿರುವುದು ಅದಕ್ಕೇ.

ಮೊದಲು ಒಂದು ಮಾತು. ಪಠ್ಯಪುಸ್ತಕ ‘ಜವ’ ಎನ್ನುವುದನ್ನು ಇಲ್ಲಿ ನಾನು ರೂಢಿಯಂತೆ ವೇಗ ಎಂದೇ ಬರೆಯುತ್ತೇನೆ. ದಿಕ್ಕಿನ ಪ್ರಶ್ನೆ ಈ ಲೆಕ್ಕಗಳಲ್ಲಿ ಬರುವುದಿಲ್ಲ.

9.55 ಎಲ್ಲಿಂದ ಬಂತು?

ಲೆಕ್ಕಕ್ಕೆ ಎರಡು ಹಂತ. ಮೊದಲನೆಯದು ಹೀಗೆ:

ದತ್ತ: ದೂರ = 142.5 ಮೀ, ಕಾಲ = 13.62 ಸೆ
ಸೂತ್ರ: ಸರಾಸರಿ ವೇಗ = ದೂರ ÷ ಕಾಲ
ಆದೇಶ: ಸರಾಸರಿ ವೇಗ = 142.5 ಮೀ ÷ 13.62 ಸೆ
ಉತ್ತರ: ಸರಾಸರಿ ವೇಗ = 10.46 ಮೀ/ಸೆ

ಈ ವೇಗದಲ್ಲಿ 100 ಮೀಟರ್ ಓಡಲು ಎಷ್ಟು ಹೊತ್ತು ಬೇಕು ಎಂಬುದು ಎರಡನೆಯ ಹಂತ:

ದತ್ತ: ದೂರ = 100 ಮೀ, ವೇಗ = 10.46 ಮೀ/ಸೆ
ಸೂತ್ರ: ಕಾಲ = ದೂರ ÷ ವೇಗ
ಆದೇಶ: ಕಾಲ = 100 ಮೀ ÷ 10.46 ಮೀ/ಸೆ
ಉತ್ತರ: ಕಾಲ = 9.56 ಸೆ

ಪತ್ರಿಕೆಗಳಲ್ಲಿ ಬಂದದ್ದು 9.55, ನಮಗೆ ಸಿಕ್ಕಿದ್ದು 9.56. ಸೆಕೆಂಡಿನ ನೂರನೆಯ ಒಂದು ಭಾಗ ವ್ಯತ್ಯಾಸ. ಅದು ಎಲ್ಲಿಂದ ಬಂತೆಂದು ತಿಳಿಯಲು ನಡುವೆ ವೇಗವನ್ನು ಬಿಡಿಸದೆ ಒಂದೇ ಏಟಿಗೆ ಲೆಕ್ಕ ಮಾಡಿ: 100 × 13.62 ÷ 142.5. ಬರುವುದು 9.5579. ಎರಡು ದಶಾಂಶಕ್ಕೆ ಸರಿಯಾಗಿ ಅಂದಾಜಿಸಿದರೆ ಇದು 9.56 ಆಗುತ್ತದೆ. ಉಳಿದ ಅಂಕಿಗಳನ್ನು ಸುಮ್ಮನೆ ಕತ್ತರಿಸಿ ಹಾಕಿದರೆ 9.55 ಉಳಿಯುತ್ತದೆ. ಸುದ್ದಿಯಾದದ್ದು ಕತ್ತರಿಸಿದ ಸಂಖ್ಯೆ.

ಇಷ್ಟು ಸಣ್ಣದಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎನ್ನಬಹುದು. ಬೋಲ್ಟ್ ದಾಖಲೆಗೂ ಇದಕ್ಕೂ ಇರುವ ಅಂತರ 0.03 ಸೆಕೆಂಡ್ ಎಂದು ಹೇಳುವಾಗ ಅದರಲ್ಲಿ ಮೂರನೆಯ ಒಂದು ಪಾಲು ಈ ಕತ್ತರಿಯಿಂದಲೇ ಬಂದದ್ದು. ಶಾಲೆಯ ಲೆಕ್ಕದಲ್ಲಿ ಇದೇ ತೊಂದರೆ ಇನ್ನೂ ದೊಡ್ಡದಾಗಿ ಬರುತ್ತದೆ. ಮೊದಲ ಹಂತದ ಉತ್ತರವನ್ನು 10.46 ಎಂದಿಡದೆ 10.5 ಎಂದು ಬರೆದ ಹುಡುಗನಿಗೆ ಎರಡನೆಯ ಹಂತದಲ್ಲಿ 9.52 ಸಿಗುತ್ತದೆ. ‘ಸುಮಾರು 10’ ಎಂದವನಿಗೆ ನೇರವಾಗಿ 10 ಸೆಕೆಂಡ್! ಆದ್ದರಿಂದ ನಡುವಿನ ಉತ್ತರವನ್ನು ಒಂದೆರಡು ಅಂಕಿ ಹೆಚ್ಚೇ ಇಟ್ಟುಕೊಂಡು ಹೋಗಬೇಕು, ಅಂದಾಜಿಸುವುದು ಕೊನೆಯ ಸಾಲಿನಲ್ಲಿ ಒಂದೇ ಸಲ. ಆದೇಶದ ಸಾಲನ್ನು ಬರೆದಿಟ್ಟಿದ್ದರೆ ಯಾರು ಎಲ್ಲಿ ಅಂದಾಜಿಸಿದರು ಎಂಬುದು ಕಾಣುತ್ತದೆ. ಬರೀ ಉತ್ತರವಿದ್ದರೆ ಕಾಣುವುದಿಲ್ಲ.

ಕೊಟ್ಟದ್ದು ಯಾವುದು, ಊಹಿಸಿದ್ದು ಯಾವುದು?

ಈಗ ಎರಡನೆಯ ಹಂತದ ದತ್ತದ ಸಾಲನ್ನು ಇನ್ನೊಮ್ಮೆ ನೋಡಿ. 100 ಮೀಟರ್ ಎನ್ನುವುದು ನಾವಾಗಿ ಆರಿಸಿಕೊಂಡದ್ದು, ಅದರಲ್ಲಿ ತಕರಾರಿಲ್ಲ. ಆದರೆ ‘ವೇಗ = 10.46 ಮೀ/ಸೆ’ ಎನ್ನುವುದನ್ನು ಯಾರು ಕೊಟ್ಟರು? ಅದು ಪೂರ್ತಿ 142.5 ಮೀಟರಿನ ಸರಾಸರಿ. ಅದನ್ನೇ ಮೊದಲ 100 ಮೀಟರಿಗೂ ದತ್ತವೆಂದು ಬರೆದಾಗ, ಓಟಗಾರರು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಂದೇ ವೇಗದಲ್ಲಿ ಓಡಿದರು ಎಂದು ಒಪ್ಪಿಕೊಂಡಂತಾಯಿತು.

ನಿಂತಲ್ಲಿಂದ ಹೊರಟವರು ಯಾರೂ ಹಾಗೆ ಓಡುವುದಿಲ್ಲ. ಇದಕ್ಕೆ ಬೋಲ್ಟ್‌ನ ಬರ್ಲಿನ್ ಓಟವೇ ಸಾಕ್ಷಿ. ಆ ಓಟವನ್ನು 20 ಮೀಟರಿನ ಐದು ತುಂಡುಗಳಾಗಿ ಅಳೆದಿದ್ದಾರೆ. ಮೊದಲ 20 ಮೀಟರಿಗೆ ಹಿಡಿದದ್ದು 2.89 ಸೆಕೆಂಡ್. ಅಲ್ಲಿಂದ ಮುಂದಿನ ತುಂಡುಗಳಿಗೆ ಕ್ರಮವಾಗಿ 1.75, 1.67, 1.61 ಮತ್ತು 1.66 ಸೆಕೆಂಡ್. ಎಲ್ಲ ಕೂಡಿದರೆ 9.58. ಮೊದಲ ತುಂಡಿನ ಸರಾಸರಿ ವೇಗ 20 ÷ 2.89, ಅಂದರೆ 6.92 ಮೀ/ಸೆ. 60ರಿಂದ 80 ಮೀಟರಿನ ನಡುವೆ 20 ÷ 1.61, ಅಂದರೆ 12.42 ಮೀ/ಸೆ. ಇಡೀ ಓಟದ ಸರಾಸರಿ 10.44 ಮೀ/ಸೆ. ಈ ಮೂರೂ ಒಬ್ಬನದೇ ಓಟದ, ಒಂದೇ ಸೂತ್ರದಿಂದ ಬಂದ, ಸರಿಯಾದ ಉತ್ತರಗಳು. ಯಾವ ದೂರ, ಯಾವ ಕಾಲ ಎಂದು ದತ್ತದಲ್ಲಿ ಬರೆಯದೆ ‘ಬೋಲ್ಟ್‌ನ ವೇಗ ಎಷ್ಟು’ ಎಂದು ಕೇಳಿದರೆ ಮೂರರಲ್ಲಿ ಯಾವುದನ್ನೂ ಹೇಳಬಹುದು.

ಓಟ ಉದ್ದವಾದಷ್ಟೂ ನಿಧಾನದ ಆ ಮೊದಲ 20 ಮೀಟರಿನ ಪಾಲು ಸರಾಸರಿಯಲ್ಲಿ ಸಣ್ಣದಾಗುತ್ತದೆ. ಹಾಗಾಗಿ 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಅನ್ವಯಿಸಿದರೆ ಓಟಗಾರನಿಗೆ ಸ್ವಲ್ಪ ಲಾಭವೇ ಸಿಗುತ್ತದೆ. ಬೋಲ್ಟ್‌ನ ಲೆಕ್ಕದಲ್ಲೇ ಇದನ್ನು ಪರೀಕ್ಷಿಸಬಹುದು. ಅದೇ ಕೂಟದಲ್ಲಿ ಅವನು 200 ಮೀಟರ್ ಓಡಿದ್ದು 19.19 ಸೆಕೆಂಡಿನಲ್ಲಿ. ಕಂಬಳದ ಓಟಕ್ಕೆ ಮಾಡಿದಂತೆಯೇ ಇದನ್ನೂ 100ಕ್ಕೆ ಇಳಿಸಿದರೆ 9.595 ಸೆಕೆಂಡ್. ಆದರೆ ಆ ಓಟದ ಮೊದಲ 100 ಮೀಟರಿಗೆ ಅವನಿಗೆ ನಿಜವಾಗಿ ಹಿಡಿದದ್ದು 9.92 ಸೆಕೆಂಡ್. ಆ ಅರ್ಧ ತಿರುವಿನಲ್ಲಿ ಓಡುವಂಥದ್ದು, ಅದೂ ಸ್ವಲ್ಪ ಕಾರಣ. ಏನೇ ಆದರೂ ಅನುಪಾತದ ಲೆಕ್ಕ ಹೇಳಿದ್ದಕ್ಕೂ ಗಡಿಯಾರ ಹೇಳಿದ್ದಕ್ಕೂ 0.3 ಸೆಕೆಂಡಿಗಿಂತ ಹೆಚ್ಚು ಅಂತರ ಬಿತ್ತು. ಕಂಬಳದ ಸುದ್ದಿಯಲ್ಲಿ ಚರ್ಚೆಯಾದ ಅಂತರ ಅದರ ಹತ್ತನೆಯ ಒಂದು ಪಾಲು.

ಅಳತೆಯ ತೂಕವೂ ದತ್ತದ ಸಾಲಿನಲ್ಲೇ ಇದೆ. 13.62 ಸೆಕೆಂಡ್ ಎನ್ನುವುದರಲ್ಲಿ 0.1 ಸೆಕೆಂಡ್ ಆಚೀಚೆಯಾಗಿದೆ ಎಂದುಕೊಳ್ಳಿ. 100 ಮೀಟರಿನ ಉತ್ತರ 9.49ರಿಂದ 9.63ರವರೆಗೆ ಓಡಾಡುತ್ತದೆ. ಕರೆಯ ಉದ್ದ ಒಂದು ಮೀಟರ್ ಕಡಿಮೆ ಇದ್ದರೂ ಉತ್ತರ 9.63 ಆಗಿಬಿಡುತ್ತದೆ. ಬೋಲ್ಟ್‌ನ 9.58 ಇವೆರಡರ ಒಳಗೇ ಬೀಳುತ್ತದೆ. ಕೆಸರು ನೀರಿನಲ್ಲಿ, ಮುಂದೆ ಎಳೆಯುವ ಕೋಣಗಳ ಜೊತೆ ಓಡುವುದಕ್ಕೂ ಒಣ ಟ್ರ್ಯಾಕಿನಲ್ಲಿ ಒಂಟಿಯಾಗಿ ಓಡುವುದಕ್ಕೂ ಇರುವ ವ್ಯತ್ಯಾಸವಂತೂ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ. ಗೌಡರ ಓಟ ಅಸಾಧಾರಣ ಎಂಬುದರಲ್ಲಿ ಎರಡು ಮಾತಿಲ್ಲ. ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು ಎನ್ನುವ ಮೊದಲ ಹಂತದ ಉತ್ತರವೇ ಅದನ್ನು ಹೇಳುತ್ತದೆ. ಎರಡನೆಯ ಹಂತದ ಉತ್ತರ ಮಾತ್ರ ಅಷ್ಟು ಭಾರ ಹೊರಲಾರದು. ಅವರು ಕೂಡ ಆಯ್ಕೆ ಪರೀಕ್ಷೆಗೆ ಹೋಗದೆ ಕಂಬಳದಲ್ಲೇ ಉಳಿದರು.

ಪ್ಲಾಟ್‌ಫಾರಂ ದಾಟುವ ರೈಲು

ಕಂಬಳದ ಪ್ರಶ್ನೆಯಲ್ಲಿ ದತ್ತ ಎದುರಿಗೇ ಇತ್ತು. ಪರೀಕ್ಷೆಯ ಪ್ರಶ್ನೆಗಳಲ್ಲಿ ಅದು ಮಾತಿನೊಳಗೆ ಅಡಗಿರುತ್ತದೆ. ರೈಲು ಪ್ಲಾಟ್‌ಫಾರಂ ದಾಟುವ ಲೆಕ್ಕ ಇದಕ್ಕೆ ಹೆಸರುವಾಸಿ. ನಮ್ಮಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆಯಿದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅದರ ಪಕ್ಕದಲ್ಲಿ ಒಂದು ಗಾಡಿ ನಿಲ್ಲದೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದೊಂದು ಬೋಗಿ ಸುಮಾರು 24 ಮೀಟರಿನಂತೆ 22 ಬೋಗಿ, ಮುಂದೆ 20 ಮೀಟರಿನ ಎಂಜಿನ್. ಒಟ್ಟು ಗಾಡಿ 548 ಮೀಟರ್. ಗಾಡಿ ಪ್ಲಾಟ್‌ಫಾರಂ ದಾಟಲು ಎಷ್ಟು ಹೊತ್ತು?

ಪ್ರಶ್ನೆಯಲ್ಲಿ ಎರಡು ಉದ್ದ ಇವೆ, ‘ದೂರ’ ಎಂಬ ಮಾತು ಎಲ್ಲೂ ಇಲ್ಲ. ದೂರ ಎಷ್ಟೆಂದು ತಿಳಿಯಲು ಎಂಜಿನ್ನಿನ ಮೂತಿಯ ಮೇಲೆ ಕಣ್ಣಿಡಬೇಕು. ಮೂತಿ ಪ್ಲಾಟ್‌ಫಾರಮಿನ ಈ ತುದಿಗೆ ಬಂದಾಗ ದಾಟುವುದು ಶುರು. ಮೂತಿ ಆ ತುದಿಗೆ ತಲುಪಿದಾಗ ಅದು 1,507 ಮೀಟರ್ ಸಾಗಿರುತ್ತದೆ, ಆದರೆ ಹಿಂದಿನ ಬೋಗಿಗಳೆಲ್ಲ ಇನ್ನೂ ಪ್ಲಾಟ್‌ಫಾರಮಿನ ಪಕ್ಕದಲ್ಲೇ ಇವೆ. ಕೊನೆಯ ಬೋಗಿ ಆ ತುದಿ ಬಿಡುವ ಹೊತ್ತಿಗೆ ಮೂತಿ ಮತ್ತೆ 548 ಮೀಟರ್ ಮುಂದೆ ಹೋಗಿರಬೇಕು. ಅಲ್ಲಿಗೆ ದೂರವೆಂದರೆ ಎರಡರ ಮೊತ್ತ.

ದತ್ತ: ದೂರ = 1507 ಮೀ + 548 ಮೀ = 2055 ಮೀ
ವೇಗ = 54 ಕಿ.ಮೀ/ಗಂ = 54 × 5/18 = 15 ಮೀ/ಸೆ
ಸೂತ್ರ: ಕಾಲ = ದೂರ ÷ ವೇಗ
ಆದೇಶ: ಕಾಲ = 2055 ಮೀ ÷ 15 ಮೀ/ಸೆ
ಉತ್ತರ: ಕಾಲ = 137 ಸೆ, ಅಂದರೆ 2 ನಿಮಿಷ 17 ಸೆಕೆಂಡ್

ಪ್ಲಾಟ್‌ಫಾರಮಿನ ಉದ್ದವನ್ನಷ್ಟೇ ದೂರವೆಂದು ಬರೆದವರಿಗೆ 100 ಸೆಕೆಂಡ್ ಚಿಲ್ಲರೆ ಬರುತ್ತದೆ. ಅವರ ಸೂತ್ರ ಸರಿ, ಆದೇಶ ಸರಿ, ಭಾಗಾಕಾರವೂ ಸರಿ. ತಪ್ಪಿದ್ದು ಮೊದಲ ಸಾಲು. ಗಾಡಿಯ ಉದ್ದವನ್ನಷ್ಟೇ ಹಿಡಿದವರಿಗೆ ಸುಮಾರು 36.5 ಸೆಕೆಂಡ್ ಸಿಗುತ್ತದೆ. ಅದು ಬೇರೊಂದು ಪ್ರಶ್ನೆಗೆ, ಹಳಿಯ ಪಕ್ಕದ ಒಂದು ಕಂಬವನ್ನು ಗಾಡಿ ದಾಟಲು ಎಷ್ಟು ಹೊತ್ತು ಎಂಬುದಕ್ಕೆ, ಸರಿಯಾದ ಉತ್ತರ. ಕಂಬಕ್ಕೆ ಲೆಕ್ಕಕ್ಕೆ ಸಿಗುವಷ್ಟು ಅಗಲವಿಲ್ಲ, ಆದ್ದರಿಂದ ಅಲ್ಲಿ ಗಾಡಿಯ ಉದ್ದವೇ ದೂರ. ಪ್ರಶ್ನೆ ಓದಿದ ಕೂಡಲೇ ಎರಡು ಗೆರೆ ಎಳೆದು ಗಾಡಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗುರುತು ಹಾಕಿಕೊಂಡ ಮಕ್ಕಳು ಇಲ್ಲಿ ಎಡವುವುದು ಕಡಿಮೆ.

ಹದಿನೆಂಟಕ್ಕೆ ಐದು

ಮೇಲಿನ ಲೆಕ್ಕದ ದತ್ತದಲ್ಲಿ 5/18 ಎಂಬುದು ಸದ್ದಿಲ್ಲದೆ ಬಂದು ಕೂತಿದೆ. ಇದನ್ನು ಬಾಯಿಪಾಠ ಮಾಡಿದ ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿ 5/18 ಹಾಕಬೇಕೋ 18/5 ಹಾಕಬೇಕೋ ಎಂದು ಗೊಂದಲಕ್ಕೆ ಬೀಳುತ್ತಾರೆ. ಅದರ ಮೂಲ ಗೊತ್ತಿದ್ದರೆ ಗೊಂದಲವಿಲ್ಲ. ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್. ಗಂಟೆಗೆ 1 ಕಿಲೋಮೀಟರ್ ಎಂದರೆ 3600 ಸೆಕೆಂಡಿಗೆ 1000 ಮೀಟರ್, ಒಂದು ಸೆಕೆಂಡಿಗೆ 1000/3600 ಮೀಟರ್. ಸಂಕ್ಷೇಪಿಸಿದರೆ 5/18. ಗಂಟೆಗೆ 18 ಕಿಲೋಮೀಟರ್ ಹೋಗುವ ಸೈಕಲ್ಲು ಸೆಕೆಂಡಿಗೆ 5 ಮೀಟರ್ ಹೋಗುತ್ತದೆ ಎಂಬ ಒಂದನ್ನು ನೆನಪಿಟ್ಟುಕೊಂಡರೂ ಸಾಕು. 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25 ಎಂದು ಉಳಿದವು ಮಗ್ಗಿಯಂತೆ ಬರುತ್ತವೆ. ಒಂದೇ ವೇಗವನ್ನು ಎರಡು ರೀತಿ ಬರೆದಾಗ ಮೀ/ಸೆ ಸಂಖ್ಯೆ ಯಾವಾಗಲೂ ಕಿ.ಮೀ/ಗಂ ಸಂಖ್ಯೆಗಿಂತ ಸಣ್ಣದು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಕಂಬಳದ 10.46 ಮೀ/ಸೆ ಗಂಟೆಯ ಲೆಕ್ಕದಲ್ಲಿ 37.7 ಕಿ.ಮೀ/ಗಂ.

ಏಕಮಾನ ಬದಲಿಸುವುದನ್ನು ಮರೆತರೆ ಏನಾಗುತ್ತದೆ? ರೈಲಿನ ಲೆಕ್ಕದಲ್ಲಿ 2055ನ್ನು ನೇರವಾಗಿ 54ರಿಂದ ಭಾಗಿಸಿದರೆ 38 ಬರುತ್ತದೆ. ಅದರ ಮುಂದೆ ‘ಸೆಕೆಂಡ್’ ಎಂದು ಬರೆದುಬಿಟ್ಟರೆ ನೋಡಲು ಅಚ್ಚುಕಟ್ಟಾದ ಉತ್ತರವೇ. ಇದನ್ನು ಹಿಡಿಯಲು ಎರಡು ದಾರಿ ಇವೆ. ಒಂದು, ಆದೇಶದ ಸಾಲಿನಲ್ಲಿ ಸಂಖ್ಯೆಯ ಜೊತೆ ಏಕಮಾನವನ್ನೂ ಬರೆಯುವುದು. ‘2055 ಮೀ ÷ 54 ಕಿ.ಮೀ/ಗಂ’ ಎಂದು ಬರೆದವರಿಗೆ ಮೀಟರೂ ಕಿಲೋಮೀಟರೂ ಒಂದನ್ನೊಂದು ಹೊಡೆದುಹಾಕುವುದಿಲ್ಲ ಎಂಬುದು ಕಣ್ಣಿಗೇ ರಾಚುತ್ತದೆ. ‘2055 ಮೀ ÷ 15 ಮೀ/ಸೆ’ ಎಂದು ಬರೆದಲ್ಲಿ ಮೀಟರ್ ಮೀಟರಿಗೆ ಹೋಗಿ ಸೆಕೆಂಡ್ ಒಂದೇ ಉಳಿಯುತ್ತದೆ. ಕೊನೆಯ ಸಾಲಿನ ಏಕಮಾನ ಹೀಗೆ ಲೆಕ್ಕದೊಳಗಿನಿಂದಲೇ ಇಳಿದು ಬರಬೇಕು, ಪ್ರಶ್ನೆ ಕೇಳಿದ್ದು ಕಾಲವಲ್ಲವೇ ಎಂದು ನೆನಪಿನಿಂದ ಅಂಟಿಸಿದ್ದಾಗಬಾರದು.

ಇನ್ನೊಂದು ದಾರಿ ಉತ್ತರವನ್ನು ತಿರುಗಿಸಿ ನೋಡುವುದು. ಎರಡು ಕಿಲೋಮೀಟರಿಗೂ ಹೆಚ್ಚು ದೂರಕ್ಕೆ 38 ಸೆಕೆಂಡ್ ಎಂದರೆ ಸೆಕೆಂಡಿಗೆ 54 ಮೀಟರ್, ಗಂಟೆಗೆ 194 ಕಿಲೋಮೀಟರ್. ವಂದೇ ಭಾರತ್ ಗಾಡಿಯ ಗರಿಷ್ಠ ಓಡಾಟದ ವೇಗವೇ 160. ಗಂಟೆಗೆ 54ರಲ್ಲಿ ಹೋಗುವ ಗಾಡಿಗೆ ಈ ಉತ್ತರ ಹೊಂದುವುದಿಲ್ಲ ಎಂದು ಪೆನ್ನು ಕೆಳಗಿಡುವ ಮೊದಲೇ ಗೊತ್ತಾಗುತ್ತದೆ.

ಏಕಮಾನದ ಇನ್ನೊಂದು ಜಾರುಗುಂಡಿ ಕಾಲದಲ್ಲಿದೆ. ‘1 ಗಂಟೆ 30 ನಿಮಿಷ’ ಎಂಬುದನ್ನು ದತ್ತದಲ್ಲಿ 1.30 ಗಂಟೆ ಎಂದು ಬರೆಯುವುದು ತೀರ ಸಾಮಾನ್ಯ. ಗಡಿಯಾರ ನೋಡಿ ಹೇಳುವಾಗ, ರೈಲ್ವೆ ವೇಳಾಪಟ್ಟಿಯಲ್ಲಿ ಬರೆಯುವಾಗ ಅದು ಸರಿ. ಲೆಕ್ಕಕ್ಕೆ ಅಲ್ಲ. ದಶಾಂಶ ಹತ್ತರ ಲೆಕ್ಕ, ಗಂಟೆ ಅರವತ್ತರ ಲೆಕ್ಕ. 30 ನಿಮಿಷ ಎಂದರೆ 30/60, ಅಂದರೆ 0.5 ಗಂಟೆ. 60 ಕಿ.ಮೀ. ದೂರವನ್ನು ಒಂದೂವರೆ ಗಂಟೆಯಲ್ಲಿ ಹೋದ ಬಸ್ಸಿನ ಸರಾಸರಿ ವೇಗ 60 ÷ 1.5, ಅಂದರೆ 40 ಕಿ.ಮೀ/ಗಂ. 1.30ರಿಂದ ಭಾಗಿಸಿದವರಿಗೆ ಅದು 46.15 ಆಗುತ್ತದೆ. ಈ ತಪ್ಪಿಗೆ ಒಂದು ಸುಳಿವೂ ಉಂಟು. ಸರಳ ಸಂಖ್ಯೆಗಳಿಂದ ಹೊರಟ ಶಾಲೆಯ ಲೆಕ್ಕದಲ್ಲಿ ಉತ್ತರ ಇದ್ದಕ್ಕಿದ್ದಂತೆ ಮುಗಿಯದ ದಶಾಂಶಕ್ಕೆ ಇಳಿದರೆ ಮೊದಲು ಕಾಲವನ್ನು ಹೇಗೆ ಬರೆದೆವೆಂದು ನೋಡಬೇಕು.

ಹೋಗಿ ಬಂದ ದಾರಿ

ಇಲ್ಲಿಯವರೆಗಿನ ತಪ್ಪುಗಳು ದತ್ತದಲ್ಲಿ, ಆದೇಶದಲ್ಲಿ ಇದ್ದವು. ಸೂತ್ರದ ಸಾಲು ಸುಲಭ ಎಂದು ಎಲ್ಲರಿಗೂ ಅನ್ನಿಸುತ್ತದೆ. ಇರುವುದು ಒಂದೇ ಸೂತ್ರ, ಅದನ್ನೇ ಮೂರು ಬಗೆಯಲ್ಲಿ ಬರೆಯಬಹುದು, ಅಷ್ಟೇ. ಆ ಒಂದೇ ಸೂತ್ರದಲ್ಲೂ ದೊಡ್ಡವರನ್ನು ಸಹ ಬೀಳಿಸುವ ಲೆಕ್ಕವಿದೆ.

ಮೈಸೂರಿನಿಂದ ಚಾಮರಾಜನಗರಕ್ಕೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಹೋಗುವಾಗ ಕಾರು ಸರಾಸರಿ 60 ಕಿ.ಮೀ/ಗಂ ವೇಗದಲ್ಲಿ ಹೋಯಿತು, ಬರುವಾಗ ಸರಾಸರಿ 40ರಲ್ಲಿ ಬಂತು. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು? ಹತ್ತರಲ್ಲಿ ಒಂಬತ್ತು ಜನ 50 ಎನ್ನುತ್ತಾರೆ. 60 ಮತ್ತು 40 ಕೂಡಿಸಿ ಎರಡರಿಂದ ಭಾಗಿಸಿದರೆ 50 ತಾನೇ! ಆದರೆ ಹಾಗೆಂದವರು ಸೂತ್ರದ ಸಾಲನ್ನು ಬರೆಯಲಿಲ್ಲ, ಅದರ ಬದಲು ಬೇರೊಂದು ಸೂತ್ರವನ್ನು ಬಳಸಿದರು. ಬರೆದು ನೋಡೋಣ.

ದತ್ತ: ಹೋಗುವಾಗ ದೂರ = 60 ಕಿ.ಮೀ, ವೇಗ = 60 ಕಿ.ಮೀ/ಗಂ, ಆದ್ದರಿಂದ ಕಾಲ = 1 ಗಂ
ಬರುವಾಗ ದೂರ = 60 ಕಿ.ಮೀ, ವೇಗ = 40 ಕಿ.ಮೀ/ಗಂ, ಆದ್ದರಿಂದ ಕಾಲ = 1.5 ಗಂ
ಸೂತ್ರ: ಸರಾಸರಿ ವೇಗ = ಒಟ್ಟು ದೂರ ÷ ಒಟ್ಟು ಕಾಲ
ಆದೇಶ: ಸರಾಸರಿ ವೇಗ = 120 ಕಿ.ಮೀ ÷ 2.5 ಗಂ
ಉತ್ತರ: ಸರಾಸರಿ ವೇಗ = 48 ಕಿ.ಮೀ/ಗಂ

48 ಏಕೆ, 50 ಏಕಲ್ಲ? ಕಾರು 60ರ ವೇಗದಲ್ಲಿ ಇದ್ದದ್ದು ಒಂದು ಗಂಟೆ, 40ರಲ್ಲಿ ಇದ್ದದ್ದು ಒಂದೂವರೆ ಗಂಟೆ. ನಿಧಾನದಲ್ಲಿ ಕಳೆದ ಹೊತ್ತು ಜಾಸ್ತಿ, ಆದ್ದರಿಂದ ಸರಾಸರಿ ಅದರ ಕಡೆಗೇ ವಾಲುತ್ತದೆ. ಒಂದು ಗಂಟೆ 60ರಲ್ಲಿ, ಮತ್ತೊಂದು ಗಂಟೆ 40ರಲ್ಲಿ ಎಂದು ಕಾಲವನ್ನು ಸಮವಾಗಿ ಹಂಚಿದ್ದರೆ ಆಗ 50 ಸರಿಯಾಗುತ್ತಿತ್ತು. ದೂರ ಸಮವೋ ಕಾಲ ಸಮವೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸೂತ್ರದಲ್ಲಿ ‘ಒಟ್ಟು’ ಎಂಬ ಮಾತನ್ನು ಎರಡು ಕಡೆಯೂ ಬರೆಯುವ ರೂಢಿ ಇರುವುದು ಇದಕ್ಕೆ. ಅದನ್ನು ಬರೆದವರು ಒಟ್ಟು ಕಾಲವನ್ನು ಹುಡುಕಲೇಬೇಕಾಗುತ್ತದೆ, ಹುಡುಕಿದರೆ ತಪ್ಪುವುದಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಪ್ರಶ್ನೆ. ಹೋಗುವಾಗ ದಾರಿ ಕೆಟ್ಟು ಸರಾಸರಿ 30 ಕಿ.ಮೀ/ಗಂ ಮಾತ್ರ ಸಿಕ್ಕಿತು. ಹೋಗಿ ಬಂದದ್ದರ ಸರಾಸರಿ 60 ಆಗಬೇಕಾದರೆ ಬರುವಾಗ ಎಷ್ಟು ವೇಗದಲ್ಲಿ ಬರಬೇಕು? 90 ಎನ್ನುವ ಉತ್ತರ ನಾಲಿಗೆಯ ತುದಿಗೆ ಬರುತ್ತದೆ. ನಾಲ್ಕು ಸಾಲಿಗೆ ಇಳಿಸಿದರೆ ಒಟ್ಟು ದೂರ 120 ಕಿ.ಮೀ, ಬೇಕಾದ ಸರಾಸರಿ 60 ಕಿ.ಮೀ/ಗಂ, ಆದ್ದರಿಂದ ಸಿಗುವ ಒಟ್ಟು ಕಾಲ 2 ಗಂಟೆ. ಹೋಗುವಾಗ 60 ಕಿಲೋಮೀಟರಿಗೆ 30ರ ವೇಗದಲ್ಲಿ ಆಗಲೇ 2 ಗಂಟೆ ಮುಗಿದಿದೆ. ಬರುವುದಕ್ಕೆ ಉಳಿದ ಕಾಲ ಸೊನ್ನೆ. ಎಷ್ಟೇ ಜೋರಾಗಿ ಬಂದರೂ ಆ ಸರಾಸರಿ ಸಿಗುವುದಿಲ್ಲ. 90ರಲ್ಲೇ ಬಂದರೂ ಒಟ್ಟು ಕಾಲ 2 ಗಂಟೆ 40 ನಿಮಿಷ, ಸರಾಸರಿ 45. ಇಲ್ಲಿ ಲೆಕ್ಕ ತಪ್ಪಿಲ್ಲ, ಪ್ರಶ್ನೆಯೇ ಆಗದ್ದನ್ನು ಕೇಳಿದೆ. ಒಟ್ಟು ಕಾಲವನ್ನು ಕಾಗದದ ಮೇಲೆ ಬರೆಯದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಕೆಳಗಿನಿಂದ ಮೇಲೆ

ಮಕ್ಕಳ ನೋಟ್‌ಬುಕ್ಕು ನೋಡುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಉತ್ತರವನ್ನು ಪುಸ್ತಕದ ಹಿಂದಿನ ಪುಟದ ಜೊತೆ ಹೋಲಿಸಿ ಸರಿ ಅಥವಾ ತಪ್ಪು ಹಾಕುತ್ತಾರೆ. ಹಂತವಾರು ಮೌಲ್ಯಮಾಪನ ಮಾಡುವವರು ಹಾಗೆ ಮಾಡುವುದಿಲ್ಲ. ಸೂತ್ರಕ್ಕೆ, ಆದೇಶಕ್ಕೆ, ಏಕಮಾನದೊಡನೆ ಇರುವ ಉತ್ತರಕ್ಕೆ ಬೇರೆ ಬೇರೆ ಅಂಕ ಇಡುತ್ತಾರೆ. ಗುಣಾಕಾರದಲ್ಲಿ ಕೈತಪ್ಪಿದ ಮಗುವಿಗೂ ಯೋಚನೆಯಲ್ಲೇ ಎಡವಿದ ಮಗುವಿಗೂ ಒಂದೇ ಸೊನ್ನೆ ಬೀಳದಂತೆ ಕಾಯುವುದು ಈ ವಿಂಗಡಣೆ.

ಮನೆಯಲ್ಲಿ ಉತ್ತರ ತಪ್ಪಿದಾಗ ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು. ಮೊದಲು ಕೊನೆಯ ಸಾಲು: ಏಕಮಾನ ಇದೆಯೇ, ಈ ವೇಗ ಈ ವಾಹನಕ್ಕೆ ಸಾಧ್ಯವೇ? ಆಮೇಲೆ ಆದೇಶದ ಸಾಲು: ಏಕಮಾನಗಳು ಒಂದಕ್ಕೊಂದು ಹೊಡೆದುಹೋಗುತ್ತವೆಯೇ, ಗಂಟೆ ನಿಮಿಷಗಳು ದಶಾಂಶದಲ್ಲಿ ಬೆರೆತಿವೆಯೇ? ಸೂತ್ರದಲ್ಲಿ ಸರಾಸರಿಯ ಮಾತು ಬಂದರೆ ಒಟ್ಟು ದೂರ, ಒಟ್ಟು ಕಾಲ ಎಂದಿದೆಯೇ? ಇಷ್ಟೂ ಸರಿಯಾಗಿದ್ದು ಉತ್ತರ ಮಾತ್ರ ತಪ್ಪಾಗಿದ್ದರೆ ತಪ್ಪು ಇರುವುದು ಮೊದಲ ಸಾಲಿನಲ್ಲಿ, ಅಂದರೆ ಪ್ರಶ್ನೆಯನ್ನು ಓದಿದ ರೀತಿಯಲ್ಲಿ. ಅಂಥ ಮಗುವಿಗೆ ಇನ್ನೂ ಹತ್ತು ಲೆಕ್ಕ ಕೊಟ್ಟು ಭಾಗಾಕಾರ ಮಾಡಿಸಿ ಉಪಯೋಗವಿಲ್ಲ. ಪುಸ್ತಕ ಮುಚ್ಚಿಸಿ, ಗಾಡಿ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ಅದರ ಬಾಯಿಂದಲೇ ಹೇಳಿಸಬೇಕು.